ಕೊನೆ ಗಳಿಗೆಯಲ್ಲಿ ಭೇಟಿ ರದ್ದಾದರೆ ಪಾರ್ಟಿಗೆ ಹೇಗೆ ಹೇಳುವುದು?

ಹನ್ನೊಂದು ಗಂಟೆಗೆ ಭೇಟಿ. ಹತ್ತೂವರೆಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು: ‘ಸಾರಿ ಸರ್, ಇವತ್ತು ಆಗುವುದಿಲ್ಲ, ಮುಂದೆ ನೋಡೋಣ.’ ಕಳುಹಿಸಿದವರು ಕರ್ತವ್ಯ ಮುಗಿಯಿತೆಂದು ಮೊಬೈಲ್ ಜೇಬಿಗಿಡುತ್ತಾರೆ. ಆ ಹೊತ್ತಿಗೆ ಪಾರ್ಟಿ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿದು ಆಟೊದವನ ಜೊತೆ ಬಾಡಿಗೆ ಚೌಕಾಸಿ ಮಾಡುತ್ತಿರುತ್ತಾರೆ. ತೆರಿಗೆ ಲೆಕ್ಕದ ಕೆಲಸ ಮಾಡುವ ನಾನು ಇಂಥ ಸಂದೇಶಗಳನ್ನು ನಮ್ಮ ವೃತ್ತಿಯ ಹುಡುಗರು ಕಳುಹಿಸುವುದನ್ನು ನೋಡುತ್ತಲೇ ಬಂದಿದ್ದೇನೆ. ಭೇಟಿ ರದ್ದಾದದ್ದಕ್ಕೆ ಪಾರ್ಟಿ ಸಿಟ್ಟಾಗುವುದು ಅಪರೂಪ. ಅವರು ಸಿಟ್ಟಾಗುವುದು ಬಸ್ ಹತ್ತಿದ ಮೇಲೆ ತಿಳಿಸಿದ್ದಕ್ಕೆ ಮತ್ತು ‘ಮುಂದೆ’ ಎಂದರೆ ಯಾವಾಗ ಎಂದು ಹೇಳದೆ ಬಿಟ್ಟಿದ್ದಕ್ಕೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಸೇಡಂನಲ್ಲಿ ಬೇಳೆ ಮಿಲ್ ಇಟ್ಟಿರುವ ಒಬ್ಬ ಸಾಹುಕಾರರು ಜಿಎಸ್‌ಟಿ ವಾರ್ಷಿಕ ರಿಟರ್ನ್‌ನ ಲೆಕ್ಕ ನೋಡಲು ಕಲಬುರಗಿಯ ಸಲಹೆಗಾರರಲ್ಲಿಗೆ ಬರಬೇಕು. ಡಿಸೆಂಬರ್ 9, ಮಂಗಳವಾರ, ಬೆಳಿಗ್ಗೆ 11 ಗಂಟೆ. ಹಿಂದಿನ ರಾತ್ರಿ ಸಲಹೆಗಾರರ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಈಗ ಬೆಳಗಿನ ಏಳು ಗಂಟೆ.

<b>ಮೊದಲು: ಅವರು ಮನೆ ಬಿಡುವ ಹೊತ್ತು ಲೆಕ್ಕ ಹಾಕಿ</b>

ಏಳಕ್ಕೆ ಫೋನ್ ಮಾಡಿದರೆ ನಾಲ್ಕು ಗಂಟೆ ಮುಂಚೆ ಹೇಳಿದಂತಾಯಿತು ಎಂದುಕೊಳ್ಳಬೇಡಿ. ಸೇಡಂನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಹಿಡಿಯಿರಿ, ಇಳಿದು ಕಚೇರಿ ಮುಟ್ಟಲು ಇನ್ನರ್ಧ ಗಂಟೆ. ಅಲ್ಲಿಗೆ ಅವರು ಒಂಬತ್ತಕ್ಕೆ ಮನೆ ಬಿಡಬೇಕು. ಪೇಟೆಯಲ್ಲಿ ಬೇರೆ ಕೆಲಸ ಇಟ್ಟುಕೊಂಡಿದ್ದರೆ ಎಂಟಕ್ಕೇ ಬಿಟ್ಟಿರುತ್ತಾರೆ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು ಗಂಟೆ. ಬೀದರ್‌ನಿಂದ ಬಸ್ಸಿನಲ್ಲಿ ಬರುವ ಪಾರ್ಟಿಯಾದರೆ ದಾರಿಯೇ ಸುಮಾರು ಮೂರು ಗಂಟೆ, ಆಗ ಏಳು ಗಂಟೆಯೂ ತಡವೇ. ಭೇಟಿ ತಪ್ಪಬಹುದೆಂದು ಹಿಂದಿನ ರಾತ್ರಿಯೇ ಅನ್ನಿಸಿದ್ದರೆ ಆಗಲೇ ‘ಹೊರಡುವ ಮುನ್ನ ನನ್ನ ಫೋನ್‌ಗೆ ಕಾಯಿರಿ’ ಎಂದು ತಿಳಿಸಿಬಿಡಿ.

<b>ಎರಡನೆಯದು: ಫೋನ್ ಮಾಡಿ</b>

ಸಂದೇಶ ಆಮೇಲೆ, ಮೊದಲು ಮಾತು. ಮೂರು ನಿಮಿಷದ ಧ್ವನಿ ಸಂದೇಶವಂತೂ ಬೇಡವೇ ಬೇಡ. ಮಿಲ್ಲಿನ ಸದ್ದಿನಲ್ಲಿ ಅದನ್ನು ಯಾರೂ ಪೂರ್ತಿ ಕೇಳುವುದಿಲ್ಲ, ರದ್ದಾದ ಸುದ್ದಿ ಎರಡನೇ ನಿಮಿಷದಲ್ಲಿ ಹೂತುಹೋಗಿರುತ್ತದೆ.

ಮೊದಲ ಮಾತಿನಲ್ಲೇ ಅವರನ್ನು ತಡೆಯಿರಿ. ‘ಶರಣು ಸಾಹುಕಾರರೇ, ಇನ್ನೂ ಮನೆ ಬಿಟ್ಟಿಲ್ಲವಲ್ಲ? ಇವತ್ತು ಬರುವುದು ಬೇಡ, ನಮ್ಮ ತಂದೆಯವರು ರಾತ್ರಿ ಆಸ್ಪತ್ರೆಗೆ ಸೇರಿದ್ದಾರೆ.’ ಇಷ್ಟು ಹೇಳಿದ ಮೇಲೆ ಕ್ಷಮೆ ಕೇಳಿ, ಒಂದು ಸಲ. ಕ್ಷಮೆಯಿಂದಲೇ ಶುರು ಮಾಡಿದರೆ ಎದುರಿನವರು ಏನಾಯಿತೋ ಎಂದು ಗಾಬರಿಯಾಗುತ್ತಾರೆ.

ಕಾರಣ ಒಂದೇ ಸಾಲಿನಲ್ಲಿರಲಿ, ನಿಜವಿರಲಿ. ‘ಅರ್ಜೆಂಟ್ ಕೆಲಸ ಬಂತು’ ಎಂದರೆ ‘ನಿಮಗಿಂತ ದೊಡ್ಡ ಪಾರ್ಟಿ ಬಂದರು’ ಎಂದೇ ಕೇಳಿಸುತ್ತದೆ. ಮನೆಯ ವಿಷಯ ಹೇಳಲು ಮನಸ್ಸಿಲ್ಲದಿದ್ದರೆ ‘ಮನೆಯಲ್ಲಿ ತೊಂದರೆ ಇದೆ’ ಎಂದರೆ ಸಾಕು, ಯಾರೂ ಕೆದಕುವುದಿಲ್ಲ. ಆದರೆ ಬದುಕಿರುವ ಬಂಧುಗಳನ್ನು ಸಾಯಿಸುವ ಅಡ್ಡದಾರಿ ಹಿಡಿಯಬೇಡಿ. ನಮ್ಮ ಕಡೆ ಸಾವಿನ ಸುದ್ದಿ ಕೇಳಿದವರು ‘ಮಣ್ಣು ಎಷ್ಟು ಹೊತ್ತಿಗೆ?’ ಎಂದು ಕೇಳಿಯೇ ಫೋನ್ ಇಡುತ್ತಾರೆ, ಹಾರ ಹಿಡಿದು ಬಂದೂ ಬಿಡುತ್ತಾರೆ.

ಫೋನ್ ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ನಡುವೆ ಒಂದು ಸಂದೇಶ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಒಂದೇ ಟಿಕ್ ಬಿದ್ದಿದ್ದರೆ ಅದು ಅವರ ಮೊಬೈಲ್‌ಗೆ ತಲುಪಿಯೇ ಇಲ್ಲ. ಬೂದು ಬಣ್ಣದ ಎರಡು ಟಿಕ್ ಎಂದರೆ ತಲುಪಿದೆ, ಓದಿದ ಖಾತರಿ ಇಲ್ಲ. ಹೀಗಿದ್ದಾಗ ಮಿಲ್ಲಿನ ಮುನೀಮರಿಗೆ ಫೋನ್ ಮಾಡಿ. ಅದಕ್ಕೇ ಪ್ರತಿ ಪಾರ್ಟಿಯ ಎರಡನೇ ನಂಬರ್ ಬರೆದಿಟ್ಟುಕೊಂಡಿರಬೇಕು.

<b>ಮೂರನೆಯದು: ಹೊಸ ಸಮಯ</b>

ಬಹುಪಾಲು ಜನ ಎಡವುವುದು ಇಲ್ಲಿ. ‘ನಿಮಗೆ ಯಾವಾಗ ಅನುಕೂಲ ಹೇಳಿ, ನಾನು ಯಾವಾಗಲಾದರೂ ಸರಿ’ ಎನ್ನುವುದು ವಿನಯವೆಂದು ತಿಳಿದಿದ್ದಾರೆ. ಕೆಲಸ ಕೆಡಿಸಿದವರು ನೀವು, ಹೊಸ ಸಮಯ ಹುಡುಕುವ ತಲೆನೋವು ಮಾತ್ರ ಅವರಿಗೆ! ಅವರು ‘ಆಯ್ತು, ಹೇಳುತ್ತೇನೆ’ ಎನ್ನುತ್ತಾರೆ, ಆಮೇಲೆ ಆ ಫೋನ್ ಬರುವುದಿಲ್ಲ. ಇನ್ನು ಕೆಲವರು ಐದಾರು ಸಮಯ ಪಟ್ಟಿ ಮಾಡಿ ಕಳುಹಿಸುತ್ತಾರೆ. ಓದಿದವರಿಗೆ ಇವರಿಗೆ ಬೇರೆ ಕೆಲಸವೇ ಇಲ್ಲವೇನೋ ಅನ್ನಿಸುತ್ತದೆ.

ಎರಡು ಸಮಯ ಕೊಡಿ, ಎರಡೇ. ಅವು ಒಂದೇ ಬಗೆಯವಾಗಿರಬಾರದು. ಒಂದು ಬೆಳಿಗ್ಗೆಯಾದರೆ ಇನ್ನೊಂದು ಸಂಜೆ, ಒಂದಕ್ಕೆ ಅವರು ಬರುವುದಾದರೆ ಇನ್ನೊಂದಕ್ಕೆ ನೀವು ಹೋಗುವುದು. ರದ್ದು ಮಾಡಿದವರೇ ದಾರಿ ಸವೆಸಬೇಕು ಎಂಬುದು ನನ್ನ ಖಂಡಿತವಾದ ಅಭಿಪ್ರಾಯ.

ಈಗ ನಮ್ಮ ಉದಾಹರಣೆಗೆ ಬನ್ನಿ. 10ನೇ ತಾರೀಕು ಬುಧವಾರ ಹೇಳಬಹುದೇ? ಬೇಡ. ತಂದೆ ಆಸ್ಪತ್ರೆಯಲ್ಲಿರುವಾಗ ನಾಳೆಯ ಮಾತು ಕೊಟ್ಟರೆ ಅದೂ ತಪ್ಪುವ ಸಂಭವವೇ ಹೆಚ್ಚು. 11 ಗುರುವಾರ? ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ ಅದು. ಸಲಹೆಗಾರರ ಕಚೇರಿಯಲ್ಲಿ ಆ ದಿನ ಯಾರಿಗೂ ತಲೆ ಎತ್ತಲು ಬಿಡುವಿರುವುದಿಲ್ಲ. ಜಿಎಸ್‌ಟಿಆರ್-3ಬಿ ಇರುವ 20ನೇ ತಾರೀಕೂ ಹಾಗೆಯೇ. 12 ಶುಕ್ರವಾರ ಬೆಳಿಗ್ಗೆ ಖಾಲಿ ಇದೆ, ಆದರೆ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ನೀವು ನಂಬದಿರಬಹುದು, ಲೆಕ್ಕದ ಪುಸ್ತಕ ತೆರೆಯುವ ಸಾಹುಕಾರರು ನಂಬುತ್ತಾರೆ. ಪಾರ್ಟಿ ಮುಸ್ಲಿಮರಾಗಿದ್ದರೆ ಶುಕ್ರವಾರ ಹನ್ನೆರಡೂವರೆಯಿಂದ ಎರಡೂವರೆವರೆಗೆ ಜುಮ್ಮಾ ನಮಾಜಿನ ಹೊತ್ತು, ಅದನ್ನೂ ಬಿಟ್ಟುಬಿಡಿ. ಹಾಗಾಗಿ ಶುಕ್ರವಾರ ಸಂಜೆ ನಾಲ್ಕು, ಸೇಡಂನಲ್ಲಿ, ಅವರ ಮಿಲ್ಲಿನಲ್ಲೇ. ಇದು ಮೊದಲನೆಯದು.

ಎರಡನೆಯದು 13 ಶನಿವಾರ ಬೆಳಿಗ್ಗೆ 11, ಕಲಬುರಗಿ ಕಚೇರಿ. ರಾಹುಕಾಲ ಒಂಬತ್ತರಿಂದ ಹತ್ತೂವರೆ, ಅದು ಕಳೆದಿರುತ್ತದೆ. ಒಂದು ಕೊರತೆ ಇದೆ: ಅದು ಎರಡನೇ ಶನಿವಾರ, ಬ್ಯಾಂಕ್ ರಜೆ. ಪೇಟೆಗೆ ಬಂದಾಗ ಬ್ಯಾಂಕಿನ ಕೆಲಸವನ್ನೂ ಮುಗಿಸಿಕೊಂಡು ಹೋಗುವ ರೂಢಿ ಅವರಿಗಿದ್ದರೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಬಂದ ಮೇಲೆ ಗೊತ್ತಾದರೆ ಎರಡನೇ ಸಲ ಬೈಸಿಕೊಳ್ಳುತ್ತೀರಿ.

ತೊಗರಿ ಬರುವ ದಿನಗಳಲ್ಲಿ, ಅಂದರೆ ಡಿಸೆಂಬರ್ ಕೊನೆಯಿಂದ ಶುರುವಾಗಿ ಎರಡು ಮೂರು ತಿಂಗಳು, ಮಿಲ್ಲಿನವರನ್ನಾಗಲೀ ಅಡತಿಯವರನ್ನಾಗಲೀ ಗಂಜ್‌ನಲ್ಲಿ ಸವಾಲು ನಡೆಯುವ ಹೊತ್ತಿಗೆ ಕರೆಯಬೇಡಿ. ಎಳ್ಳ ಅಮಾವಾಸ್ಯೆಯ ದಿನ ಇಡೀ ಜಿಲ್ಲೆ ಭಜ್ಜಿ, ಕಡುಬು ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತದೆ, ಅಂದು ಭೇಟಿ ಇಡುವ ಮಾತೇ ಬೇಡ. ಬೇಸಿಗೆಯ ತೊಂದರೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಯುತ್ತವೆ. ಪಾರ್ಟಿ ಸರ್ಕಾರಿ ಗುತ್ತಿಗೆದಾರರಾಗಿದ್ದರೆ ಬೆಳಗಿನ ಹೊತ್ತು ಪೂರ್ತಿ ಅಲ್ಲೇ ಕಳೆಯುತ್ತದೆ. ಹಾಗೆಂದು ಮಧ್ಯಾಹ್ನ ಮೂರಕ್ಕೆ ಆ ಬಿಸಿಲಿನಲ್ಲಿ ಬರಹೇಳಬೇಡಿ. ಸಂಜೆ ಐದೂವರೆ ಆದಮೇಲೆ ಇಟ್ಟುಕೊಳ್ಳಿ.

ಸಮಯ ಆರಿಸುವ ಲಿಂಕ್ ಕಳುಹಿಸುವ ಆ್ಯಪ್‌ಗಳು ಬಂದಿವೆ. ನನಗೆ ಅವು ಸುತರಾಂ ಇಷ್ಟವಿಲ್ಲ. ಅಪರಿಚಿತ ಲಿಂಕ್ ಒತ್ತಬೇಡಿ ಎಂದು ಬ್ಯಾಂಕಿನವರು, ಪೊಲೀಸರು ದಿನಾ ಹೇಳುತ್ತಿರುವಾಗ ಸಾಹುಕಾರರು ನಿಮ್ಮ ಲಿಂಕ್ ಒತ್ತುತ್ತಾರೆಯೇ? ಒತ್ತದಿರುವುದೇ ಸರಿ.

<b>ನಾಲ್ಕನೆಯದು: ಬರಹದಲ್ಲಿ ಕಳುಹಿಸಿ</b>

ಫೋನ್ ಇಟ್ಟ ಕೂಡಲೇ ಇಷ್ಟು ಬರೆಯಿರಿ:

‘ಶರಣು ಸಾಹುಕಾರರೇ. ಫೋನಿನಲ್ಲಿ ತಿಳಿಸಿದಂತೆ ಇಂದು, ಡಿ. 9 ಮಂಗಳವಾರ, ಬೆಳಿಗ್ಗೆ 11ರ ಭೇಟಿ ರದ್ದಾಗಿದೆ. ನಿಮಗಾದ ತೊಂದರೆಗೆ ಕ್ಷಮೆ ಇರಲಿ. ಹೊಸ ಸಮಯ: 1. ಡಿ. 12 ಶುಕ್ರವಾರ ಸಂಜೆ 4, ಸೇಡಂನ ನಿಮ್ಮ ಮಿಲ್ಲಿಗೆ ನಾನೇ ಬರುತ್ತೇನೆ. 2. ಡಿ. 13 ಶನಿವಾರ ಬೆಳಿಗ್ಗೆ 11, ನಮ್ಮ ಕಚೇರಿ (ಬ್ಯಾಂಕ್ ರಜೆ ಇದೆ). ನಾಳೆ ಸಂಜೆ 6ರೊಳಗೆ 1 ಅಥವಾ 2 ಎಂದು ಕಳುಹಿಸಿದರೆ ಸಾಕು. ಎರಡೂ ಆಗದಿದ್ದರೆ ನಿಮಗೆ ಒಗ್ಗುವ ಹೊತ್ತು ತಿಳಿಸಿ. ವಾರ್ಷಿಕ ರಿಟರ್ನ್‌ಗೆ ಡಿ. 31ರವರೆಗೆ ಸಮಯವಿದೆ. ಖರೀದಿ ಪುಸ್ತಕವನ್ನು ಮುನೀಮರ ಕೈಯಲ್ಲಿ ಕಳುಹಿಸಿದರೆ ಅಷ್ಟರಲ್ಲಿ ಹೊಂದಾಣಿಕೆ ಮಾಡಿಟ್ಟಿರುತ್ತೇವೆ.’

ತಾರೀಕಿನ ಜೊತೆ ವಾರವನ್ನೂ ಬರೆಯಲೇಬೇಕು. ಒಂದು ತಪ್ಪಿದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. ತಪ್ಪು ತಾರೀಕು ಹೋಗಿದ್ದರೆ ಅದೇ ಸಂದೇಶವನ್ನು ಸದ್ದಿಲ್ಲದೆ ತಿದ್ದಬೇಡಿ, ಆಗಲೇ ಓದಿದವರು ಅದನ್ನು ಮತ್ತೆ ತೆರೆದು ನೋಡುವುದಿಲ್ಲ. ‘ಸರಿಯಾದ ತಾರೀಕು ಇದು’ ಎಂದು ಹೊಸದಾಗಿ ಕಳುಹಿಸಿ. ಕೊನೆಯ ಎರಡು ಸಾಲುಗಳನ್ನು ಬಿಡಬೇಡಿ. ಭೇಟಿ ಮುಂದೆ ಹೋದರೆ ದಂಡ ಬೀಳುತ್ತದೆಯೇ ಎಂಬುದೇ ಪಾರ್ಟಿಯ ನಿಜವಾದ ಚಿಂತೆ. ಕೊನೆಯ ದಿನಾಂಕ ಅಂದೇ ಇದ್ದರೆ, ಇಲ್ಲವೇ ಅಂದು ನೋಟಿಸಿನ ವಿಚಾರಣೆ ಇದ್ದರೆ ರದ್ದು ಮಾಡುವ ಹಕ್ಕು ನಿಮಗಿಲ್ಲ. ವಿಷಯ ಬಲ್ಲ ಇನ್ನೊಬ್ಬರನ್ನು ಕೂರಿಸಿ.

ಉತ್ತರ ಬಂದ ಮೇಲೆ ಆ ಸಮಯವನ್ನು ನಿಮ್ಮ ಡೈರಿಯಲ್ಲಿ ಬರೆದು ಇನ್ನೊಂದನ್ನು ಹೊಡೆದುಹಾಕಿ. ಹಿಂದಿನ ದಿನ ಸಂಜೆ ಒಂದು ಸಾಲಿನ ನೆನಪು ಕಳುಹಿಸಿ.

<b>ಅವರು ಆಗಲೇ ದಾರಿಯಲ್ಲಿದ್ದರೆ</b>

ಆಗ ಮೇಲಿನ ಕ್ರಮ ಕೆಲಸಕ್ಕೆ ಬಾರದು. ‘ಎಲ್ಲಿದ್ದೀರಿ?’ ಎಂದು ಕೇಳಿ. ಅರ್ಧ ದಾರಿ ದಾಟಿದ್ದರೆ ಹಿಂದಿರುಗಿ ಎನ್ನಬೇಡಿ, ಬರಲಿ. ಕಚೇರಿಯ ಹುಡುಗ ಅವರನ್ನು ಕೂರಿಸಿ ಚಹಾ ಕೊಟ್ಟು ಕಾಗದ ತೆಗೆದುಕೊಂಡು ರಸೀದಿ ಬರೆದುಕೊಡಲಿ. ನೀವು ಆಸ್ಪತ್ರೆಯಿಂದಲೇ ಹತ್ತು ನಿಮಿಷ ಅವರ ಜೊತೆ ಫೋನಿನಲ್ಲಿ ಮಾತಾಡಿ, ಅಂದು ತೀರ್ಮಾನಿಸಬಹುದಾದ ಒಂದು ವಿಷಯವನ್ನಾದರೂ ತೀರ್ಮಾನಿಸಿ. ಉಳಿದದ್ದಕ್ಕೆ ಸೇಡಂಗೆ ನೀವೇ ಹೋಗಬೇಕು. ಈ ಸಲ ಎರಡು ಸಮಯ ಕೊಡುವಂತಿಲ್ಲ, ದಿನವನ್ನು ಅವರೇ ಹೇಳಲಿ.