ಆಟಿ ತಿಂಗಳಲ್ಲಿ 160 ಕಾಗದ: ನಮ್ಮ ಟೈಲರ್ ಅಂಗಡಿಯ ವಾರ್ಷಿಕ ರಿಯಾಯಿತಿ

ಉಡುಪಿಯಲ್ಲಿ ಅಂಗಡಿ ಇಟ್ಟುಕೊಂಡು ಹಳೆಯ ಗಿರಾಕಿಗಳಿಗೆ ಅಂಚೆಯಲ್ಲಿ ಕಾಗದ ಹಾಕುತ್ತೇನೆ ಎಂದಾಗ ನಮ್ಮ ಕಸುಬಿನವರೇ ನಕ್ಕರು. "ವಾಟ್ಸಾಪ್ ಉಂಟಲ್ಲ ಮಾರಾಯ್ರೆ, ಐದು ರೂಪಾಯಿ ಸ್ಟ್ಯಾಂಪ್ ಯಾಕೆ?" ಎಂದರು. 2025ರ ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಮುಗಿದ ಮೇಲೆ ಅವರಲ್ಲೇ ಇಬ್ಬರು ಕಾಗದದ ಒಂದು ಪ್ರತಿ ಕೇಳಿಕೊಂಡು ಬಂದರು. ಕೊಟ್ಟೆ. ಆದರೆ ಬರೀ ಕಾಗದ ನೋಡಿದರೆ ಏನೂ ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದು ಹೇಳುತ್ತೇನೆ. ಅಂಗಡಿಗೆ ವರ್ಷ ತುಂಬುವುದು ಮೇ ತಿಂಗಳಲ್ಲಿ, ಹಾಗಾಗಿ 2022ರಲ್ಲಿ ರಿಯಾಯಿತಿಯನ್ನೂ ಮೇಯಲ್ಲೇ ಇಟ್ಟೆವು. ಮದುವೆ ರವಿಕೆ, ಶಾಲೆಯ ಯೂನಿಫಾರಂ ಎರಡೂ ಒಟ್ಟಿಗೆ ಬರುವ ತಿಂಗಳು ಅದು. ಕಾಸು ಕೊಟ್ಟರೂ ಹೊಲಿಯಲು ಪುರುಸೊತ್ತಿಲ್ಲದಾಗ ಕಡಿಮೆ ಕಾಸಿಗೆ ಹೊಲಿಯುತ್ತೇವೆ ಎಂದು ಸಾರುವುದು ಶುದ್ಧ ದಡ್ಡತನ. ಪೇಪರಿನೊಳಗೆ ಇಡಿಸಿದ ಎರಡು ಸಾವಿರ ಕರಪತ್ರಕ್ಕೆ ಸುಮಾರು ನಾಲ್ಕು ಸಾವಿರ ಹೋಯಿತು. ಬಂದವರು ಹೆಚ್ಚಿನಂಶ ಹೊಸಬರು, ರೇಟು ಕೇಳಿ ಚೌಕಾಶಿ ಮಾಡಿ ಹೋಗುವವರು.

2023ರಲ್ಲಿ ಆಟಿಗೆ ಬದಲಾಯಿಸಿದೆವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮದುವೆ ಇಲ್ಲ, ಮಳೆಗೆ ಜನ ಹೊರಗೆ ಬರುವುದಿಲ್ಲ, ಮೆಷಿನ್ ಅರ್ಧ ದಿನ ಸುಮ್ಮನಿರುತ್ತದೆ. ಆಲೋಚನೆ ಸರಿಯಿತ್ತು, ಮಾಡಿದ ರೀತಿ ತಪ್ಪಿತ್ತು. ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ದಿನ ಕಳಿಸಿದೆವು, ಅವರು ಮತ್ತೊಬ್ಬರಿಗೆ ಕಳಿಸಿದರು. ಮೂರೇ ದಿನದಲ್ಲಿ ಸುಮಾರು 150 ರವಿಕೆ ಬಂದು ಬಿದ್ದವು. ಚೌತಿಗೆ ಬೇಕಾದದ್ದು ಚೌತಿ ಕಳೆದು ವಾರಕ್ಕೆ ಸಿಕ್ಕಿತು. ಹತ್ತು ವರ್ಷದ ಗಿರಾಕಿ ಮುಖ ತಿರುಗಿಸುವುದಕ್ಕೆ ಅಷ್ಟು ಸಾಕು.

ಆ ವರ್ಷ ಕಲಿತದ್ದು ಇಷ್ಟು: ಬಟ್ಟೆ ಅಂಗಡಿಯವನ ರಿಯಾಯಿತಿಗೆ ಕಪಾಟಿನಲ್ಲಿರುವ ಮಾಲು ಮಿತಿ, ನಮಗೆ ಮೆಷಿನಿನ ಮುಂದೆ ಕೂತವರ ಕೈ ಮಿತಿ. ಆದ್ದರಿಂದ ಎಷ್ಟು ಜನರನ್ನು ಕರೆಯಬಹುದು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಕಾಗದ ಬರೆಯಬೇಕು. ನಮ್ಮಲ್ಲಿ ರವಿಕೆಗೆ ಇಬ್ಬರು. ಲೈನಿಂಗ್ ರವಿಕೆ ಒಬ್ಬರಿಂದ ದಿನಕ್ಕೆ ನಾಲ್ಕು, ಇಬ್ಬರಿಂದ ವಾರಕ್ಕೆ 48. ಅದರಲ್ಲಿ ಕಾಲು ಭಾಗ ಆಲ್ಟರೇಶನ್‌ಗೂ ದಿನನಿತ್ಯದ ಗಿರಾಕಿಗೂ ಬಿಟ್ಟರೆ ಉಳಿಯುವುದು 36. ಕಾಗದ ಸಿಕ್ಕವರಲ್ಲಿ ಮೂವರಿಗೊಬ್ಬರು ಬರುತ್ತಾರೆ, ಬಂದವರು ಎರಡೋ ಮೂರೋ ರವಿಕೆ ತರುತ್ತಾರೆ. ಹಾಗಾದರೆ ವಾರಕ್ಕೆ 40 ಕಾಗದ. ಮೂವರಿಗೊಬ್ಬರು ಎಂಬುದು ನಮ್ಮ ಅಂಗಡಿಯ ಲೆಕ್ಕ. ಮೊದಲ ವಾರ 20 ಮಾತ್ರ ಹಾಕಿ ನೋಡಿ, ನಿಮ್ಮದು ಎಷ್ಟೆಂದು ತಿಳಿಯುತ್ತದೆ. ಯಾರನ್ನು ಮೊದಲ ವಾರಕ್ಕೆ, ಯಾರನ್ನು ಕೊನೆಯ ವಾರಕ್ಕೆ ಕರೆಯುತ್ತೇನೆ ಎಂಬ ಗುಟ್ಟು ಮಾತ್ರ ನನ್ನ ಹತ್ತಿರವೇ ಇರಲಿ.

ಇನ್ನು ಕೊಡುವುದು ಏನು? 2023ರಲ್ಲಿ ಮಜೂರಿಯಲ್ಲಿ ಶೇ. 20 ಬಿಟ್ಟಿದ್ದೆವು. ಲೈನಿಂಗ್ ರವಿಕೆಗೆ 450 ರೂಪಾಯಿ ಎಂದಿಟ್ಟುಕೊಳ್ಳಿ. ಹೊಲಿದವರಿಗೆ 180, ಲೈನಿಂಗ್, ಹುಕ್ಕು, ನೂಲಿಗೆ 70. ಬಾಡಿಗೆ, ಕರೆಂಟು, ಕಟಿಂಗಿಗೆ ಉಳಿಯುವುದೇ 200. ಅದರಲ್ಲಿ 90 ಬಿಟ್ಟರೆ ಉಳಿದದ್ದು 110. ಗಿರಾಕಿಗೆ ತೊಂಬತ್ತು ರೂಪಾಯಿ ದೊಡ್ಡದಾಗಿ ಕಾಣುವುದಿಲ್ಲ, ನಮಗೆ ಅರ್ಧಕ್ಕರ್ಧ ಹೋಯಿತು. ಈಗ ಮಜೂರಿಯನ್ನು ಮುಟ್ಟುವುದಿಲ್ಲ. ಎರಡು ಲೈನಿಂಗ್ ರವಿಕೆ ಕೊಟ್ಟರೆ ಒಂದು ಸೀರೆಗೆ ಫಾಲ್-ಪಿಕೊ ಪುಕ್ಕಟೆ. ಗಿರಾಕಿಗೆ 120 ರೂಪಾಯಿ ಉಳಿಯಿತು, ನಮಗೆ ಬಿದ್ದದ್ದು ಫಾಲ್ ಬಟ್ಟೆ ಮತ್ತು ಕೈಹೊಲಿಗೆ ಸೇರಿ 55ರ ಆಸುಪಾಸು. ಅದೂ ಎರಡು ರವಿಕೆಯ ಮೇಲೆ.

ಕಾಗದದ ಮುಖ್ಯ ಸಂಗತಿ ಅದರೊಳಗಿನ ಬಟ್ಟೆ ತುಂಡು. ಗಿರಾಕಿಯ ಹಿಂದಿನ ರವಿಕೆಯ ಕಟಿಂಗಿನಲ್ಲಿ ಉಳಿದ ತುಂಡಿನಿಂದ ಎರಡಿಂಚು ಅಗಲ, ಮೂರಿಂಚು ಉದ್ದ ತೆಗೆದು ಕಾಗದದ ಮೂಲೆಗೆ ಹೊಲಿದಿರುತ್ತೇವೆ. ಕವರು ಒಡೆದ ಕೂಡಲೇ "ಓ, ಇದು ನನ್ನ ಹಸಿರು ಸೀರೆಯದ್ದು" ಎಂದು ಗುರುತು ಸಿಗುತ್ತದೆ. ಇದಕ್ಕಾಗಿಯೇ ಇನ್‌ಲ್ಯಾಂಡ್ ಬಿಟ್ಟದ್ದು. ಅದಕ್ಕೆ ಎರಡೂವರೆ ರೂಪಾಯಿ ಸಾಕು, ಆದರೆ ಒಳಗೆ ಬೇರೆ ಏನೂ ಇಡುವಂತಿಲ್ಲ. ಕವರಿಗೆ 20 ಗ್ರಾಂವರೆಗೆ ಐದು ರೂಪಾಯಿ. ಒಂದು ಹಾಳೆ, ಕವರು, ತುಂಡು ಎಲ್ಲ ಸೇರಿದರೂ ಹತ್ತು ಹನ್ನೆರಡು ಗ್ರಾಂ ದಾಟುವುದಿಲ್ಲ. ಕವರು, ಜೆರಾಕ್ಸ್ ಸೇರಿ ಒಂದು ಕಾಗದಕ್ಕೆ ಒಂಬತ್ತು ರೂಪಾಯಿ ಬಿತ್ತು.

ತುಂಡಿನ ವಿಷಯದಲ್ಲಿ ನಾವು ಮಾಡಿದ ತಪ್ಪುಗಳು ಹಲವು. ಮೊದಲು ಸ್ಟೇಪ್ಲರ್ ಹೊಡೆದೆವು. ನಮ್ಮ ಮಳೆಗಾಲದ ಥಂಡಿಗೆ ಪಿನ್ನು ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಬಿತ್ತು. ಹೊಲಿಗೆಯವನೇ ಕಲೆಯಾದ ಬಟ್ಟೆ ಕಳಿಸಿದರೆ ಹೇಗೆ? ಈಗ ಕೈಸೂಜಿಯಲ್ಲಿ ಎರಡು ಹೊಲಿಗೆ. ಅಂಚನ್ನು ಹಲ್ಲು ಕತ್ತರಿಯಲ್ಲಿ ಕತ್ತರಿಸದಿದ್ದರೆ ಎಳೆ ಬಿಡುತ್ತದೆ. ಜರಿ ಹೆಚ್ಚಿರುವ ತುಂಡು ಬೇಡ, ಅದು ಎಷ್ಟು ಕತ್ತರಿಸಿದರೂ ಬಿಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ, ಎರಡೆರಡು ಸಲ ಆಲ್ಟರ್‌ಗೆ ಬಂದ ರವಿಕೆಯ ತುಂಡು ಯಾವತ್ತೂ ಕಳಿಸಬೇಡಿ. ಮರೆತ ಜಗಳವನ್ನು ಸ್ಟ್ಯಾಂಪ್ ಅಂಟಿಸಿ ಮನೆಗೆ ಕಳಿಸಿದ ಹಾಗೆ. ಅಳತೆ ಪುಸ್ತಕದಲ್ಲಿ ಆಲ್ಟರ್ ಗುರುತು ಇದ್ದವರಿಗೆ ತುಂಡಿಲ್ಲದ ಕಾಗದ, ಅದರಲ್ಲಿ ಮೊದಲ ಸಾಲೇ "ಆ ರವಿಕೆ ಇನ್ನೂ ಸರಿಯಾಗದಿದ್ದರೆ ತನ್ನಿ, ಕಾಸಿಲ್ಲದೆ ಮಾಡಿಕೊಡುತ್ತೇವೆ" ಎಂದು.

ವಿಳಾಸ ಇನ್ನೊಂದು ತಲೆನೋವು. ಅಳತೆ ಪುಸ್ತಕದಲ್ಲಿ ಇರುವುದು ಹೆಸರು, ಫೋನ್, ಹೆಚ್ಚೆಂದರೆ "ಕಲ್ಯಾಣಪುರ" ಎಂದು. 2024ರಲ್ಲಿ ಕೇಳಿ ಕೇಳಿ ಬರೆದ 120ರಲ್ಲಿ ಸುಮಾರು ಇಪ್ಪತ್ತು ತಲುಪಲೇ ಇಲ್ಲ. ಮನೆ ಹೆಸರು ತಪ್ಪು, ಇಲ್ಲವೇ ಅವರು ಫ್ಲ್ಯಾಟಿಗೆ ಹೋಗಿದ್ದರು. ಈಗ ವರ್ಷವಿಡೀ ರವಿಕೆ ಡೆಲಿವರಿಗೆ ಬಂದಾಗ ಖಾಲಿ ಕವರು ಮುಂದಿಟ್ಟು "ಅಕ್ಕ, ನಿಮ್ಮ ವಿಳಾಸ ನೀವೇ ಬರೆಯಿರಿ" ಎನ್ನುತ್ತೇವೆ. ಮನೆ ಹೆಸರು, ಅಂಚೆ, ಪಿನ್ ಕೋಡ್ ಎಲ್ಲ ಅವರ ಕೈಯಲ್ಲೇ ಸರಿಯಾಗಿ ಬರುತ್ತದೆ. ಆಗಲೇ ತುಂಡನ್ನು ಆ ಕವರಿಗೆ ಹಾಕಿಬಿಟ್ಟರೆ ಅದಲುಬದಲಾಗುವುದಿಲ್ಲ. ತಮ್ಮದೇ ಅಕ್ಷರದ ಕವರು ಮನೆಗೆ ಬಂದರೆ ಯಾರೂ ಒಡೆಯದೆ ಬಿಸಾಡುವುದಿಲ್ಲ ಎಂಬುದು ಆಮೇಲೆ ತಿಳಿದದ್ದು. ಬಾಲ್ ಪೆನ್ನೇ ಕೊಡಿ, ಜೆಲ್ ಪೆನ್ ಮಳೆಗೆ ಕರಗುತ್ತದೆ. ಕವರುಗಳನ್ನು ಮುಚ್ಚಳ ಬಿಗಿಯಾದ ಬಿಸ್ಕೆಟ್ ಡಬ್ಬಿಯಲ್ಲಿ ಇಡಿ. ಹೊರಗಿಟ್ಟರೆ ಜೂನ್ ಬರುವಷ್ಟರಲ್ಲಿ ಗೋಂದು ಥಂಡಿಗೆ ತಾನಾಗಿ ಅಂಟಿಕೊಂಡಿರುತ್ತದೆ.

ಕಾಗದ ಈಗ ಹೀಗಿದೆ. ಹೆಸರು, ಸೀರೆಯ ಬಣ್ಣ, ತಾರೀಕು ಕೈಬರಹ, ಉಳಿದದ್ದು ಜೆರಾಕ್ಸ್:

"ಪ್ರೀತಿಯ ______ ಅಕ್ಕನಿಗೆ ನಮಸ್ಕಾರ. ಜೊತೆಗಿರುವ ತುಂಡು ನೀವು ಕಳೆದ ವರ್ಷ ಹೊಲಿಸಿದ ______ ರವಿಕೆಯದ್ದು. ಮೇ ತಿಂಗಳಲ್ಲಿ ನಮ್ಮ ಅಂಗಡಿಗೆ ಇನ್ನೊಂದು ವರ್ಷ ತುಂಬಿತು. ಆಗ ಮದುವೆ ಮತ್ತು ಶಾಲೆಯ ಕೆಲಸದಲ್ಲಿ ನಿಮ್ಮನ್ನು ಕರೆಯಲು ಆಗಲಿಲ್ಲ, ಈಗ ಕರೆಯುತ್ತಿದ್ದೇವೆ. ______ರಿಂದ ______ರ ಒಳಗೆ ಎರಡು ಲೈನಿಂಗ್ ರವಿಕೆ ಹೊಲಿಯಲು ಕೊಟ್ಟರೆ ಒಂದು ಸೀರೆಯ ಫಾಲ್-ಪಿಕೊ ನಮ್ಮ ಕಡೆಯಿಂದ. ಆರಿ ಕೆಲಸ, ಯೂನಿಫಾರಂ ಇದಕ್ಕೆ ಸೇರುವುದಿಲ್ಲ. ಹತ್ತು ದಿನದೊಳಗೆ ಕೊಡುತ್ತೇವೆ. ಆಟಿಯಲ್ಲಿ ಕತ್ತರಿ ಹಾಕುವುದು ಬೇಡ ಎಂದಿದ್ದರೆ ಬಟ್ಟೆ ಮಾತ್ರ ಕೊಟ್ಟಿರಿ, ಸೋಣ ಹುಟ್ಟಿದ ಮೇಲೆ ಕತ್ತರಿಸುತ್ತೇವೆ. ಸರಿ ಕೂರುವ ಒಂದು ಅಳತೆ ರವಿಕೆ ಜೊತೆಗೆ ತನ್ನಿ. ಈ ಕಾಗದವನ್ನೂ ತನ್ನಿ."

ಕೊನೆಯಿಂದ ಎರಡನೆಯ ಸಾಲಿಗೆ ಒಂದು ಇತಿಹಾಸ ಉಂಟು. ಹಿಂದೆ ಅಲ್ಲಿ "ನಿಮ್ಮ ಅಳತೆ ಬದಲಾಗಿರಬಹುದು" ಎಂದಿತ್ತು. "ನಾನು ದಪ್ಪ ಆದೆ ಅಂತ ಯಾರು ಹೇಳಿದ್ದು?" ಎಂದು ಫೋನ್ ಬಂತು. "ಶೇ. 20ರವರೆಗೆ", "ಷರತ್ತುಗಳು ಅನ್ವಯ" ಎಂಬ ಮಾತುಗಳೂ ಬೇಡ, ಕೌಂಟರಿನಲ್ಲಿ ವಾದಕ್ಕೆ ಅವೇ ಮೂಲ. ಆಟಿಯ ಮುಂದಿನ ತಿಂಗಳಾದ ಸೋಣದ ಸಾಲಿನಿಂದ ಮಾತ್ರ ನಿರೀಕ್ಷಿಸದ ಲಾಭವಾಯಿತು. ಮದುವೆ ಗೊತ್ತಾದ ಎರಡು ಮನೆಯವರು ಆಟಿಯಲ್ಲೇ ಬಟ್ಟೆ ತಂದಿಟ್ಟರು. ಎಲ್ಲರನ್ನೂ ಅಕ್ಕ ಎನ್ನುವಂತಿಲ್ಲ, ಅಂಗಡಿಯಲ್ಲಿ ಟೀಚರ್ ಎಂದು ಕರೆಯುವವರನ್ನು ಕಾಗದದಲ್ಲೂ ಟೀಚರ್, ಬಾಯಮ್ಮ ಎನ್ನುವವರನ್ನು ಬಾಯಮ್ಮ ಎಂದೇ ಬರೆಯಬೇಕು.

ಅರ್ಧ ಕಾಗದಗಳ ಕೊನೆಗೆ ತುಳುವಿನಲ್ಲಿ "ಒರ ಬಲೆ", ಅಂದರೆ ಒಮ್ಮೆ ಬನ್ನಿ, ಎಂದು ಬರೆದು ನೋಡಿದೆ. ಬಂದವರ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಂಕಣಿಯವರೊಬ್ಬರು "ನಮ್ಮದು ಯಾವಾಗ ಬರೆಯುತ್ತೀರಿ?" ಎಂದು ನಕ್ಕರು, ಅಷ್ಟೇ.

ಕಾಗದಕ್ಕಿಂತ ಮುಂಚೆ ಮಾಡಿಡಬೇಕಾದ ಒಂದು ಕೆಲಸವನ್ನು ಹೇಳದಿದ್ದರೆ ನೀವೂ ಸಿಕ್ಕಿಬೀಳುತ್ತೀರಿ. ಕಾಟನ್ ಲೈನಿಂಗ್ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ಆಟಿಯ ಮಳೆಯಲ್ಲಿ ಅದು ಎರಡು ಮೂರು ದಿನವಾದರೂ ಒಣಗುವುದಿಲ್ಲ, ಒಣಗಿದರೂ ಮುಗ್ಗಲು ವಾಸನೆ. ಹತ್ತು ದಿನದೊಳಗೆ ಕೊಡುತ್ತೇವೆ ಎಂದ ಮಾತು ಇಲ್ಲಿಯೇ ಮುರಿಯುವುದು. ಹಾಗಾಗಿ ಹೆಚ್ಚು ಹೋಗುವ ಎಂಟು ಹತ್ತು ಬಣ್ಣಗಳನ್ನು ಮೇ ಬಿಸಿಲಿನಲ್ಲೇ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಸುತ್ತಿಡಬೇಕು. ಫಾಲ್ ಬಟ್ಟೆಗೂ ಅದೇ.

2025ರ ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಾಲ್ಕು ಕಂತಿನಲ್ಲಿ 160 ಕಾಗದ, ಖರ್ಚು ಸಾವಿರದ ನಾನೂರು ಚಿಲ್ಲರೆ. ಬಂದವರು ಐವತ್ತು ಚಿಲ್ಲರೆ ಜನ, 130ರಷ್ಟು ರವಿಕೆ. ಸುಮಾರು 58,000 ಮಜೂರಿಯಲ್ಲಿ ಹೊಲಿದವರಿಗೆ 23,000 ಚಿಲ್ಲರೆ, ಲೈನಿಂಗ್ ಇತ್ಯಾದಿಗೆ 9,000, ಪುಕ್ಕಟೆ ಫಾಲ್-ಪಿಕೊ ಸುಮಾರು 50 ಸೀರೆಗೆ 2,700. ಕಾಗದದ್ದೂ ಕಳೆದು ಅಂಗಡಿಗೆ 21,000 ಉಳಿಯಿತು. ಹಳೆಯ ಶೇ. 20ರ ಲೆಕ್ಕವಾಗಿದ್ದರೆ ರಿಯಾಯಿತಿಗೇ 11,000ಕ್ಕೂ ಹೆಚ್ಚು ಹೋಗುತ್ತಿತ್ತು. ಸುಮ್ಮನೆ ಕೂತ ಆಟಿಯಲ್ಲಿ ನಮಗೆ ಐವತ್ತು ರವಿಕೆ ಬಂದರೆ ದೊಡ್ಡದು.

ಒಂದೇ ಕಡೆ ಉಸಿರು ಕಟ್ಟಿತು. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಇತ್ತು, 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ಹಳೆಯ ತಾರೀಕನ್ನೇ ಇಟ್ಟುಕೊಂಡಿದ್ದರೆ ಕೊನೆಯ ಕಂತು ಮತ್ತೆ ಹಬ್ಬ ದಾಟುತ್ತಿತ್ತು. ಪಂಚಾಂಗ ನೋಡಿ ಆಗಸ್ಟ್ 9ರ ನಂತರ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆವು. 2026ರಲ್ಲಿ ಚೌತಿ ಸೆಪ್ಟೆಂಬರ್ 14ಕ್ಕೆ, ಹಾಗಾಗಿ ಇನ್ನೊಂದು ಕಂತಿಗೆ ಜಾಗ ಉಂಟು. 200 ಕವರು ಬೇಕು, ಡಬ್ಬಿಯಲ್ಲಿ ಈಗಾಗಲೇ ಎಪ್ಪತ್ತು ಸೇರಿವೆ.