ಫೋಟೋದಲ್ಲಿ ಕಂಡ ಪುಟ್ಟ ಹಸಿರು ಹಕ್ಕಿ: ಕಾಡಿನದೋ, ಪಂಜರದ್ದೋ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಪರಿಚಯದವರು ನನಗೆ ಹಕ್ಕಿಗಳ ಫೋಟೋ ಕಳಿಸುತ್ತಿರುತ್ತಾರೆ. ಅದರಲ್ಲಿ ಹಸಿರು ಮೈಯ, ಬಾಗಿದ ಕೊಕ್ಕಿನ ಹಕ್ಕಿ ಇದ್ದರೆ ಪ್ರಶ್ನೆ ಒಂದೇ: ಇದು ನಮ್ಮ ಊರಿನ ಗಿಳಿಯೋ, ಯಾರದೋ ಪಂಜರದಿಂದ ತಪ್ಪಿಸಿಕೊಂಡು ಬಂದದ್ದೋ? ಉತ್ತರ ತಪ್ಪಿದರೆ ಕಾಡಿನ ಹಕ್ಕಿಯನ್ನು ಹಿಡಿದು ಪಂಜರಕ್ಕೆ ಹಾಕಿಬಿಡುತ್ತಾರೆ. ನಮ್ಮ ಕಾಡುಗಿಳಿಗಳನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ನಾನು ಮೊದಲು ಗಾತ್ರ, ಆಮೇಲೆ ಬಾಲ, ಕೊನೆಗೆ ಕೊಕ್ಕಿನ ಬುಡ ನೋಡುತ್ತೇನೆ. ಈ ಕ್ರಮ ಬದಲಿಸುವುದಿಲ್ಲ. ಪ್ರತಿ ಗುರುತೂ ಒಂದು ಕೆಲಸವನ್ನು ಮಾತ್ರ ಮಾಡುತ್ತದೆ, ಮುಂದಿನದನ್ನು ಮಾಡುವುದಿಲ್ಲ.

ಗಾತ್ರದಿಂದ ದೊಡ್ಡವು ಬೇರೆಯಾಗುತ್ತವೆ. ಕೆಂಪು ಕೊರಳಿನ ಗಿಳಿ ಬಾಲ ಸೇರಿ ಸುಮಾರು 40 ಸೆಂ.ಮೀ., ಗದ್ದೆಗೆ ಬರುವ ಕೆಂಪು ತಲೆಯ ಗಿಳಿ ಸುಮಾರು 35, ಘಟ್ಟದ ಬದಿಯ ನೀಲಿ ರೆಕ್ಕೆಯ ಗಿಳಿ ಅದಕ್ಕಿಂತ ತುಸು ಉದ್ದ. ಪಂಜರದಲ್ಲಿ ಸಾಕುವ ಹಕ್ಕಿಗಳಲ್ಲಿ ಬಜರಿಗರ್ 18 ಸೆಂ.ಮೀ. ಆಸುಪಾಸು, ಲವ್ ಬರ್ಡ್ 15ರ ಆಸುಪಾಸು. ಎದುರಿಗೆ ಕಂಡರೆ ಇಷ್ಟು ವ್ಯತ್ಯಾಸ ಯಾರಿಗೂ ಗೊತ್ತಾಗುತ್ತದೆ. ಆದರೆ ಝೂಮ್ ಮಾಡಿ ಕತ್ತರಿಸಿದ ಫೋಟೋದಲ್ಲಿ ಎಲ್ಲವೂ ಒಂದೇ ಗಾತ್ರ. ಅದಕ್ಕೇ ನಾನು ಕತ್ತರಿಸದ ಮೂಲ ಫೋಟೋ ಕೇಳಿ ತರಿಸಿಕೊಳ್ಳುತ್ತೇನೆ. ಹಕ್ಕಿಯ ಕಾಲು ಹಿಡಿದುಕೊಂಡಿರುವ ವಸ್ತುವನ್ನೇ ಅಳತೆಗೋಲು ಮಾಡಿಕೊಳ್ಳುತ್ತೇನೆ. ಹಿಂದೆ ಕಾಣುವ ಅಡಿಕೆ ಗೊನೆ ಹಕ್ಕಿಗಿಂತ ಎರಡು ಮಾರು ದೂರ ಇರಬಹುದು. ಮೊಬೈಲ್ ಕ್ಯಾಮೆರಾದಲ್ಲಿ ಎರಡೂ ಒಂದೇ ಸ್ಪಷ್ಟತೆಯಲ್ಲಿ ಬರುವುದರಿಂದ ಆ ದೂರ ಕಣ್ಣಿಗೆ ಬೀಳುವುದಿಲ್ಲ. ಕಾಲಡಿಯ ವಸ್ತುವಿನಲ್ಲಿ ಆ ಮೋಸ ಇಲ್ಲ.

ಬಜರಿಗರ್ ವಿಷಯಕ್ಕೆ ಬಂದರೆ, ನಮ್ಮ ಪೇಟೆಗಳಲ್ಲಿ ಅದನ್ನೂ ‘ಲವ್ ಬರ್ಡ್ಸ್’ ಎಂದೇ ಮಾರುತ್ತಾರೆ. ಆದ್ದರಿಂದ ಕಳಿಸಿದವರು ಹೇಳುವ ಹೆಸರನ್ನು ನಾನು ಆಧಾರ ಮಾಡಿಕೊಳ್ಳುವುದಿಲ್ಲ. ಒಮ್ಮೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಕೂತ, ಉದ್ದ ಬಾಲದ ಹಸಿರು ಹಕ್ಕಿಯ ಫೋಟೋ ‘ಗಿಳಿಮರಿ’ ಎಂಬ ಒಕ್ಕಣೆಯೊಂದಿಗೆ ಬಂತು. ಹಗ್ಗಕ್ಕೆ ಸಿಕ್ಕಿಸಿದ ಕ್ಲಿಪ್ಪು ಹಕ್ಕಿಯ ಪಕ್ಕದಲ್ಲೇ ಇತ್ತು. ಅಂಥ ಕ್ಲಿಪ್ಪು ಸುಮಾರು 7 ಸೆಂ.ಮೀ. ಹಕ್ಕಿ ಅದರ ಎರಡೂವರೆಯಷ್ಟು ಉದ್ದ, ಅಂದರೆ 17–18. ಬಾಲ ಇಲ್ಲಿ ಏನನ್ನೂ ಹೇಳುವುದಿಲ್ಲ. ಕೆಂಪು ಕೊರಳಿನ ಗಿಳಿಯಲ್ಲಿ ಬಾಲ ಒಟ್ಟು ಉದ್ದದ ಅರ್ಧಕ್ಕಿಂತ ಹೆಚ್ಚು, ಬಜರಿಗರ್‌ನಲ್ಲೂ ಸುಮಾರು ಅರ್ಧ. ಅಳತೆಗೋಲು ಇಲ್ಲದ ಫೋಟೋದಲ್ಲಿ ಎರಡರ ಮೈಕಟ್ಟೂ ಒಂದೇ ತರಹ ಕಾಣುತ್ತದೆ. ಇಲ್ಲಿ ಕೆಲಸಕ್ಕೆ ಬಂದದ್ದು ಸಿಯರ್, ಅಂದರೆ ಕೊಕ್ಕಿನ ಬುಡದಲ್ಲಿ ಮೂಗಿನ ತೂತುಗಳನ್ನು ಸುತ್ತಿರುವ ಮೆತ್ತನೆಯ ಚರ್ಮ. ನಮ್ಮ ಕಾಡುಗಿಳಿಗಳಲ್ಲಿ ಅದು ತೆಳುವಾದ ಪಟ್ಟಿ, ಫೋಟೋದಲ್ಲಿ ಹುಡುಕಬೇಕಾಗುತ್ತದೆ. ಬಜರಿಗರ್‌ನಲ್ಲಿ ಅದು ದಪ್ಪ, ಉಬ್ಬಿಕೊಂಡು ಎದ್ದು ಕಾಣುತ್ತದೆ. ಬೆಳೆದ ಗಂಡಿನಲ್ಲಿ ಸಾಮಾನ್ಯವಾಗಿ ನೀಲಿ. ಮೊಟ್ಟೆಯಿಡುವ ಹದಕ್ಕೆ ಬಂದ ಹೆಣ್ಣಿನಲ್ಲಿ ಕಂದು, ಉಳಿದಂತೆ ಬಿಳಿಚು. ಮರಿಗಳಲ್ಲಿ ಗಂಡು ಹೆಣ್ಣೆನ್ನದೆ ನಸುಗೆಂಪು ಮಿಶ್ರಿತ ನೇರಳೆ. ಹಗ್ಗದ ಮೇಲಿನ ಹಕ್ಕಿಯದು ನೀಲಿ. ಗಂಟಲಲ್ಲಿ ಕಪ್ಪು ಚುಕ್ಕೆ, ಕತ್ತಿನ ಹಿಂದೆ ಕಪ್ಪು ಗೆರೆಗಳೂ ಇದ್ದವು. ಅದು ಗಿಳಿಮರಿ ಆಗಿರಲಿಲ್ಲ, ಬೆಳೆದ ಗಂಡು ಬಜರಿಗರ್.

ನಿಜವಾದ ತೊಡಕು ಇರುವುದು ಮೋಟು ಬಾಲದವುಗಳಲ್ಲಿ. ನಮ್ಮ ತೋಟಗಳಲ್ಲಿ ಲವ್ ಬರ್ಡ್‌ನಷ್ಟೇ ಸಣ್ಣ, ಅಷ್ಟೇ ಮೋಟು ಬಾಲದ ಕಾಡುಹಕ್ಕಿ ಒಂದಿದೆ: ಚಿಟ್ಟುಗಿಳಿ, ಮಲಯಾಳದವರ ತತ್ತಚ್ಚಿನ್ನನ್. ಬಾವಲಿಯ ಹಾಗೆ ತಲೆಕೆಳಗಾಗಿ ನೇತುಕೊಂಡು ನಿದ್ರಿಸುವ ಹಕ್ಕಿ. ‘ಗಿಳಿ ಎಂದರೆ ಉದ್ದ ಬಾಲ’ ಎಂದುಕೊಂಡವರು ಇದನ್ನು ಕಂಡ ಕೂಡಲೇ ಸಾಕುಹಕ್ಕಿ ಎಂದು ತೀರ್ಮಾನಿಸುತ್ತಾರೆ.

ಕುಂಭ ತಿಂಗಳಲ್ಲಿ ಪೆರ್ಲದ ಹತ್ತಿರದ ಭಾವನ ಮಗಳು ಹೀಗೇ ಒಂದು ಫೋಟೋ ಕಳಿಸಿದಳು. ಬೇಲಿಯ ಹಾಲುವಾಣ ಎಲೆ ಉದುರಿಸಿ ಕೆಂಪಗೆ ಹೂಬಿಟ್ಟಿತ್ತು. ಗೊಂಚಲಿನಲ್ಲಿ ಹಸಿರು ಹಕ್ಕಿ, ಕೆಂಪು ಕೊಕ್ಕು. ‘ಮಾವ, ಇದು ಯಾರದೋ ಮನೆಯ ಲವ್ ಬರ್ಡ್ ಅಲ್ವಾ? ಅಪ್ಪ ಪಂಜರ ಇಟ್ಟು ಹಿಡಿಯುತ್ತಾರಂತೆ’ ಎಂದಳು. ‘ಈಗ ಹಿಡಿಯುವುದು ಬೇಡ ಅಂತ ಹೇಳು ಮಗಾ. ಮರದ ಬುಡದಲ್ಲಿ ಬಿದ್ದ ಹೂ ಹೆಕ್ಕಿ, ದೊಡ್ಡ ಎಸಳಿನ ಉದ್ದ ಅಳೆದು ತಿಳಿಸು’ ಎಂದೆ. ಎಸಳು ಐದೂವರೆ ಸೆಂ.ಮೀ. ಆಸುಪಾಸು ಇತ್ತು. ನನ್ನ ಪರದೆಯ ಮೇಲೆ ಸ್ಕೇಲ್ ಇಟ್ಟೆ. ಹಕ್ಕಿ ಹಿಡಿದುಕೊಂಡಿದ್ದ ಹೂವಿನ ಎಸಳು 20 ಮಿ.ಮೀ., ಹಕ್ಕಿ ಕೊಕ್ಕಿನಿಂದ ಬಾಲದ ತುದಿಗೆ 50. ಎರಡೂವರೆ ಪಟ್ಟು, ಅಂದರೆ 14 ಸೆಂ.ಮೀ.ಗೆ ಹತ್ತಿರ. ಹೂಗಳು ಒಂದೇ ಅಳತೆಯವಲ್ಲ, ಒಂದೂವರೆ ಸೆಂ.ಮೀ. ಆಚೀಚೆ ಆಗಬಹುದು. ಆದರೂ ಉದ್ದ ಬಾಲದ ಮೂರು ಗಿಳಿಗಳನ್ನು ಅಲ್ಲಿಗೇ ಬಿಡಬಹುದು. ಮಡಚಿದ ರೆಕ್ಕೆಯ ತುದಿ ಬಾಲದ ತುದಿಯ ಹತ್ತಿರ ಬಂದಿತ್ತು. ಬಜರಿಗರ್ ಆಗಿದ್ದರೆ ರೆಕ್ಕೆಯಾಚೆ ಬಾಲ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು.

ಉಳಿದದ್ದು ಲವ್ ಬರ್ಡ್ ಅಥವಾ ಚಿಟ್ಟುಗಿಳಿ. ಕೊಕ್ಕಿನ ಕೆಂಪು ಇಲ್ಲಿ ಉಪಯೋಗಕ್ಕಿಲ್ಲ, ಫಿಷರ್ಸ್ ಲವ್ ಬರ್ಡ್‌ಗೂ ಕೆಂಪು ಕೊಕ್ಕೇ. ತಲೆಕೆಳಗಾಗಿ ನೇತಾಡುವುದನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಪಂಜರದ ಹಕ್ಕಿಗಳೂ ಹಾಗೆ ಮಾಡುತ್ತವೆ. ಫಿಷರ್ಸ್ ಆದರೆ ಕಣ್ಣಿನ ಸುತ್ತ ಅಗಲವಾದ ಬಿಳಿ ಚರ್ಮದ ಬಳೆ, ಕೊಕ್ಕಿನ ಬುಡದಲ್ಲಿ ಬಿಳಿ ಸಿಯರ್, ಮುಖದಲ್ಲಿ ಕಿತ್ತಳೆ ಬಣ್ಣ ಇರಬೇಕು. ಪೇಟೆಯಲ್ಲಿ ಸಿಗುವ ಇನ್ನೊಂದು ಜಾತಿ, ಪೀಚ್ ಮುಖದ ಲವ್ ಬರ್ಡ್‌ಗೆ ಬಿಳಿ ಬಳೆ ಇಲ್ಲ, ಸಿಯರ್ ಪುಕ್ಕದಡಿ ಅಡಗಿರುತ್ತದೆ. ಆದರೆ ಅದರ ಕೊಕ್ಕು ಮಾಸಲು ಬಣ್ಣದ್ದು, ಮುಖ ನಸುಗೆಂಪು. ಈ ಹಕ್ಕಿಯ ಮುಖ ಪೂರ್ತಿ ಹಸಿರು, ಕಣ್ಣಿನ ಸುತ್ತ ಬಳೆ ಇಲ್ಲ, ಕೊಕ್ಕು ಲವ್ ಬರ್ಡ್‌ನ ಹಾಗೆ ದಪ್ಪವಾಗಿರದೆ ಸಣ್ಣಗೆ ಚೂಪಾಗಿತ್ತು. ಗಂಟಲಲ್ಲಿ ನೀಲಿ ಮಚ್ಚೆ ಇದ್ದದ್ದರಿಂದ ಗಂಡು ಚಿಟ್ಟುಗಿಳಿ ಎಂದು ನನಗೆ ಖಚಿತವಾಯಿತು. ಆದರೂ ಬೆನ್ನಿನ ಇನ್ನೊಂದು ಫೋಟೋ ಸಿಕ್ಕರೆ ಕಳಿಸು ಎಂದೆ. ಹಾರಲು ರೆಕ್ಕೆ ಬಿಚ್ಚಿದಾಗ ತೆಗೆದದ್ದು ಅಸ್ಪಷ್ಟವಾಗಿ ಬಂತು, ಆದರೆ ಬಾಲದ ಬುಡದ ಕಡುಗೆಂಪು ಅದರಲ್ಲೂ ಕಂಡಿತು. ಫಿಷರ್ಸ್, ಪೀಚ್ ಮುಖದ್ದು ಎರಡಕ್ಕೂ ಹಸಿರು ಹಕ್ಕಿಯಲ್ಲಿ ಆ ಜಾಗ ನೀಲಿ. ಪಂಜರ ಇಡುವ ಮಾತು ಅಲ್ಲಿಗೆ ನಿಂತಿತು.

ಹೆಣ್ಣು ಚಿಟ್ಟುಗಿಳಿಗೆ ಗಂಟಲ ನೀಲಿ ಇಲ್ಲವೆಂಬಷ್ಟು ಮಂಕು, ಆಗ ಈ ಬಾಲದ ಬುಡದ ಕೆಂಪೇ ಮುಖ್ಯ ಆಸರೆ.

ಅಳತೆ ನಡೆಯದ ಫೋಟೋಗಳೂ ಇವೆ. ಹಕ್ಕಿ ನೇರ ಕ್ಯಾಮೆರಾ ಕಡೆ ಮುಖ ಮಾಡಿದ್ದರೆ ಉದ್ದ ಬಾಲವೂ ಮೋಟಾಗಿ ಕಾಣುತ್ತದೆ. ಆಗಷ್ಟೇ ಗೂಡು ಬಿಟ್ಟ ಗಿಳಿಮರಿಗೆ, ಪುಕ್ಕ ಉದುರಿಸುತ್ತಿರುವ ದೊಡ್ಡ ಗಿಳಿಗೆ ಬಾಲ ನಿಜವಾಗಿಯೂ ಚಿಕ್ಕದಿರುತ್ತದೆ. ಅಂಥಲ್ಲಿ ಬಾಲ ಬಿಟ್ಟು, ಕಾಲಡಿಯ ವಸ್ತುವಿನ ಜೊತೆ ತಲೆಯನ್ನು ಹೋಲಿಸುತ್ತೇನೆ. ಸಿಯರ್‌ನ ಬಣ್ಣಕ್ಕೂ ಒಂದು ಎಚ್ಚರಿಕೆ ಬೇಕು. ನೀಲಿ ಟಾರ್ಪಾಲಿನ ಅಡಿಯಲ್ಲಿ ತೆಗೆದ ಫೋಟೋದಲ್ಲಿ ಬಿಳಿಚು ಸಿಯರ್ ಕೂಡ ನೀಲಿಯಾಗುತ್ತದೆ. ಅದೇ ಫೋಟೋದಲ್ಲಿ ಬಿಳಿ ಗೋಡೆಯೋ ಬಟ್ಟೆಯೋ ಇದ್ದರೆ ಅದು ಬೆಳ್ಳಗೇ ಕಾಣುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಅದೂ ನೀಲಿಗೆ ತಿರುಗಿದ್ದರೆ ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಬಜರಿಗರ್ ಎಂದಷ್ಟೇ ಬರೆದು, ಬೆಳಕಿಗೆ ಹಿಡಿದು ಪಕ್ಕದಿಂದ ಇನ್ನೊಂದು ತೆಗೆದು ಕಳಿಸಿ ಎನ್ನುತ್ತೇನೆ.