ಎಣ್ಣೆಯ ಒಂದು ಅಣು ಎಷ್ಟು ತೂಗುತ್ತದೆ? ಗಾಣದ ಶೇಂಗಾ ಎಣ್ಣೆ ಹಿಡಿದು ಲೆಕ್ಕ ಹಾಕೋಣ

ಹುಬ್ಬಳ್ಳಿಯ ಯಾವುದೋ ಗ್ಯಾರೇಜಿನಲ್ಲಿ ಬಾಗಿಲು ಹಾಕಿ ಒಂದಿಷ್ಟು ಆಟೋಗಳನ್ನು ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಎಷ್ಟು ಆಟೋ ಇವೆ ಅಂತ ನಿಮಗೆ ಗೊತ್ತಿಲ್ಲ. ಎಲ್ಲ ಸೇರಿ 3,500 ಕೆಜಿ ತೂಗುತ್ತವೆ, ಒಟ್ಟು 30 ಗಾಲಿಗಳಿವೆ ಎಂದು ಒಳಗಿದ್ದವರು ಹೇಳುತ್ತಾರೆ. ಒಂದು ಆಟೋಗೆ ಮೂರು ಗಾಲಿ ಅಲ್ವಾ? ಹಾಗಾದರೆ ಆಟೋ ಹತ್ತು, ಒಂದೊಂದರ ಸರಾಸರಿ ತೂಕ 350 ಕೆಜಿ. ಒಂದನ್ನೂ ಕಣ್ಣಾರೆ ನೋಡದೆ ತೂಕ ಸಿಕ್ಕಿತು.

ಎಣ್ಣೆಯ ಅಣುವನ್ನು ತೂಗುವುದೂ ಹೀಗೇ. ಎಣ್ಣೆ, ತುಪ್ಪ, ಕೊಬ್ಬು ಯಾವುದೇ ಇರಲಿ, ಅದರ ಹೆಚ್ಚಿನ ಪಾಲು ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲಗಳು. ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ KOH ಜೊತೆ ಕುದಿಸಿದರೆ ಈ ಮೂರೂ ಬಿಡಿಸಿಕೊಂಡು ಸಾಬೂನಾಗುತ್ತವೆ. ಒಂದೊಂದನ್ನು ಬಿಡಿಸಲು ಒಂದೊಂದು KOH ಖರ್ಚು. ಗಾಲಿ ಎಣಿಸುವ ಕೆಲಸವನ್ನು ಇಲ್ಲಿ KOH ಮಾಡುತ್ತದೆ.

ಒಂದು ಗ್ರಾಂ ಎಣ್ಣೆಯನ್ನು ಪೂರ್ತಿ ಸಾಬೂನು ಮಾಡಲು ಎಷ್ಟು ಮಿಲಿಗ್ರಾಂ KOH ಬೇಕೋ ಅದೇ ಆ ಎಣ್ಣೆಯ ಸಾಬೂನೀಕರಣ ಮೌಲ್ಯ. ಲ್ಯಾಬಿನಲ್ಲಿ ಎಲ್ಲರೂ ಸಪೋನಿಫಿಕೇಶನ್ ವ್ಯಾಲ್ಯೂ ಅಂತಲೇ ಕರೆಯುತ್ತಾರೆ. ಅಣುಗಳು ಚಿಕ್ಕವಾದರೆ ಒಂದು ಗ್ರಾಂನಲ್ಲಿ ಜಾಸ್ತಿ ಅಣುಗಳು ಹಿಡಿಯುತ್ತವೆ, KOH ಜಾಸ್ತಿ ಖರ್ಚಾಗುತ್ತದೆ. ಹಾಗಾಗಿ ಮೌಲ್ಯ ಏರಿದಷ್ಟೂ ಅಣು ಹಗುರ. ಇದೊಂದು ತಲೆಯಲ್ಲಿ ಕೂತರೆ ಮುಂದಿನ ಲೆಕ್ಕ ತೊಡಕಾಗುವುದಿಲ್ಲ.

ನಾನು ತೆಗೆದುಕೊಂಡದ್ದು ಗದಗಿನ ಗಾಣದಿಂದ ತಂದ ಶೇಂಗಾ ಎಣ್ಣೆ. ಇದನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಬೇಕು, ಮನೆಯಲ್ಲಿ ಬೇಡ. ಕುದಿಯುವ ಆಲ್ಕೊಹಾಲಿಗೆ ಬೆಂಕಿ ಹತ್ತುವುದು ಸುಲಭ, KOH ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಕೊಂಡೇ ಶುರು ಮಾಡಿ.

ಮೊದಲ ದಿನದ ತಯಾರಿ

ಗಾಣದ ಎಣ್ಣೆಯಲ್ಲಿ ಗಸಿ ಇರುತ್ತದೆ, ಸ್ವಲ್ಪ ನೀರಿನ ಪಸೆಯೂ ಇರುತ್ತದೆ. ಎರಡೂ ತಕ್ಕಡಿಯಲ್ಲಿ ತೂಗುತ್ತವೆ, ಆದರೆ ಟ್ರೈಗ್ಲಿಸರೈಡ್ ಅಲ್ಲ. ಎಣ್ಣೆಯನ್ನು ನಿಲ್ಲಿಸಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಿ. ಅದಕ್ಕೆ ನೀರು ತೆಗೆದ ಸೋಡಿಯಂ ಸಲ್ಫೇಟ್ ಒಂದು ಚಮಚ ಹಾಕಿ ಅಲುಗಾಡಿಸಿ, ಒಣಗಿದ ಫಿಲ್ಟರ್ ಪೇಪರಿನಲ್ಲಿ ಸೋಸಿ.

KOH ದ್ರಾವಣವನ್ನೂ ಹಿಂದಿನ ದಿನವೇ ಮಾಡಿಡಬೇಕು. ನೀರಿನಲ್ಲಿ ಎಣ್ಣೆ ಬೆರೆಯುವುದಿಲ್ಲ, ಅದಕ್ಕೇ ಆಲ್ಕೊಹಾಲ್. ಬಾಟಲಿಯಲ್ಲಿ ಬರುವ KOH ಗುಳಿಗೆಗಳಲ್ಲಿ ಸುಮಾರು 85 ಭಾಗ ಮಾತ್ರ KOH, ಉಳಿದದ್ದು ಹೆಚ್ಚಾಗಿ ನೀರು. ಆದ್ದರಿಂದ ಒಂದು ಲೀಟರ್ 0.5 ನಾರ್ಮಲ್ ದ್ರಾವಣಕ್ಕೆ 28 ಗ್ರಾಂ ಸಾಲದು, 33 ಗ್ರಾಂ ಹಾಕಿ. ಮೊದಲು 20 ಮಿಲಿ ನೀರಿನಲ್ಲಿ ಕರಗಿಸಿ, ತಣಿದ ಮೇಲೆ 95 ಭಾಗದ ಆಲ್ಕೊಹಾಲ್ ಸೇರಿಸಿ ಒಂದು ಲೀಟರ್ ಮಾಡಿ. ರಾತ್ರಿಯಿಡೀ ಬಿಟ್ಟರೆ ಕಾರ್ಬೋನೇಟ್ ತಳಕ್ಕೆ ಕೂರುತ್ತದೆ. ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ದ್ರಾವಣ ಚಹಾದ ಬಣ್ಣಕ್ಕೆ ತಿರುಗಿದ್ದರೆ ಆಲ್ಕೊಹಾಲ್ ಶುದ್ಧವಿಲ್ಲ ಎಂದರ್ಥ. ಆ ಬಣ್ಣದಲ್ಲಿ ಕೊನೆಯ ಬಿಂದು ಕಾಣಿಸುವುದಿಲ್ಲ. ಚೆಲ್ಲಿ ಹೊಸದು ಮಾಡಿ.

ಬ್ಯೂರೆಟ್ಟಿಗೆ ಹಾಕುವ ಹೈಡ್ರೋಕ್ಲೋರಿಕ್ ಆಮ್ಲದ ನಾರ್ಮಾಲಿಟಿ ನಿಖರವಾಗಿ ಗೊತ್ತಿರಬೇಕು. ನನ್ನದು ಸೋಡಿಯಂ ಕಾರ್ಬೋನೇಟಿನಿಂದ ಅಳೆದಾಗ 0.498 ಬಂತು. KOH ನಾರ್ಮಾಲಿಟಿ ಮಾತ್ರ ನಿಖರವಾಗಿ ಗೊತ್ತಿರಬೇಕಿಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಎರಡು ಫ್ಲಾಸ್ಕ್, ಒಂದೇ ಉಪಚಾರ

250 ಮಿಲಿಯ ಎರಡು ಫ್ಲಾಸ್ಕ್ ತೆಗೆದುಕೊಳ್ಳಿ. ಒಂದರಲ್ಲಿ ಸುಮಾರು 2 ಗ್ರಾಂ ಎಣ್ಣೆ ತೂಗಿ. ಸರಿಯಾಗಿ ಎರಡೇ ಗ್ರಾಂ ಬೇಕಿಲ್ಲ, ಎಷ್ಟು ಬಂತೋ ಅದನ್ನು ಮಿಲಿಗ್ರಾಂ ತನಕ ಬರೆದುಕೊಳ್ಳಿ. ನನಗೆ 2.050 ಗ್ರಾಂ ಬಂತು. ಇನ್ನೊಂದು ಫ್ಲಾಸ್ಕಿಗೆ ಎಣ್ಣೆ ಹಾಕಬೇಡಿ. ಅದೇ ಬ್ಲ್ಯಾಂಕ್.

ಎರಡಕ್ಕೂ ಒಂದೇ ಪಿಪೆಟ್ಟಿನಿಂದ 25 ಮಿಲಿ KOH ದ್ರಾವಣ ಹಾಕಿ. ಬಾಯಿಂದ ಎಳೆಯಬೇಡಿ, ರಬ್ಬರ್ ಬಲ್ಬ್ ಬಳಸಿ. ಆಲ್ಕೊಹಾಲ್ ದ್ರಾವಣ ಪಿಪೆಟ್ಟಿನಿಂದ ಇಳಿಯುವ ರೀತಿ ನೀರಿನಂತಲ್ಲ. ಹಾಗಾಗಿ ಎರಡೂ ಸಲ ಅಷ್ಟೇ ಹೊತ್ತು ಸೋರಲು ಬಿಡಿ. ಒಡೆದ ಪಿಂಗಾಣಿ ಚೂರು ಒಂದೆರಡು ಹಾಕಿದರೆ ಕುದಿಯುವಾಗ ಎಗರುವುದಿಲ್ಲ. ಮೇಲೆ ಕಂಡೆನ್ಸರ್ ಕೂರಿಸಿ ಎರಡನ್ನೂ ಒಂದೇ ವಾಟರ್ ಬಾತ್‌ನಲ್ಲಿಟ್ಟು ಒಂದು ತಾಸು ಕುದಿಸಿ. ನೇರ ಬೆಂಕಿ ಬೇಡ.

ಮೊದಲಿಗೆ ಎಣ್ಣೆಯ ಹನಿಗಳು ಒಳಗೆ ತೇಲುತ್ತಿರುತ್ತವೆ. ಆಗಾಗ ಫ್ಲಾಸ್ಕ್ ತಿರುಗಿಸುತ್ತಾ ಇದ್ದರೆ ಅವು ಕರಗುತ್ತಾ ಹೋಗಿ ದ್ರಾವಣ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ಇಳಿಸಬೇಡಿ, ತಾಸು ಪೂರ್ತಿಯಾಗಲಿ. ಹನಿ ಉಳಿದಿದ್ದರೆ ಸಾಬೂನಾಗದ ಎಣ್ಣೆ ಉಳಿದಿದೆ ಎಂದೇ ತಿಳಿಯಿರಿ. ಆಗ KOH ಖರ್ಚು ಕಡಿಮೆ ಕಾಣುತ್ತದೆ, ಅಣು ಇರುವುದಕ್ಕಿಂತ ಭಾರ ಎಂದು ಲೆಕ್ಕ ಬರುತ್ತದೆ.

ಇಳಿಸಿದ ಮೇಲೆ ಪೂರ್ತಿ ಆರಲು ಬಿಡಬೇಡಿ. ತಣ್ಣಗಾದರೆ ಸಾಬೂನು ಗಟ್ಟಿಯಾಗಿ ಆಮ್ಲ ಸರಿಯಾಗಿ ಬೆರೆಯುವುದಿಲ್ಲ. ಕಂಡೆನ್ಸರಿನ ಒಳಗೋಡೆಯನ್ನು ಸ್ವಲ್ಪ ಆಲ್ಕೊಹಾಲಿನಿಂದ ತೊಳೆದು ಫ್ಲಾಸ್ಕಿಗೇ ಇಳಿಸಿ. ಎರಡು ಫ್ಲಾಸ್ಕಿಗೂ ಒಂದು ಮಿಲಿ ಫಿನಾಲ್ಫ್ಥಲೀನ್ ಹಾಕಿ. ಗಾಢ ಗುಲಾಬಿ ಬಣ್ಣ ಬರುತ್ತದೆ. ಬಿಸಿ ಇರುವಾಗಲೇ ಬ್ಯೂರೆಟ್ಟಿನಿಂದ ಆಮ್ಲ ಬಿಡುತ್ತಾ ಹೋಗಿ, ಗುಲಾಬಿ ಮಾಯವಾದ ಹನಿಗೆ ನಿಲ್ಲಿಸಿ.

ನನ್ನ ಬ್ಲ್ಯಾಂಕಿಗೆ 24.8 ಮಿಲಿ ಆಮ್ಲ ಬೇಕಾಯಿತು. ಎಣ್ಣೆ ಇದ್ದ ಫ್ಲಾಸ್ಕಿಗೆ 10.8 ಮಿಲಿ ಸಾಕಾಯಿತು. ಎಣ್ಣೆಯ ರೀಡಿಂಗ್ ಬ್ಲ್ಯಾಂಕಿನ ಅರ್ಧದ ಆಸುಪಾಸು ಇದ್ದರೆ ಒಳ್ಳೆಯದು. ತೀರಾ ಸೊನ್ನೆಯ ಹತ್ತಿರ ಬಂದರೆ KOH ಸಾಲದೇ ಹೋಗಿರಬಹುದು. ಎಣ್ಣೆ ಕಡಿಮೆ ತೂಗಿ ಮತ್ತೆ ಮಾಡಿ.

ಲೆಕ್ಕ

ಸಾಬೂನೀಕರಣ ಮೌಲ್ಯ SV, ಬ್ಲ್ಯಾಂಕಿನ ರೀಡಿಂಗ್ B, ಎಣ್ಣೆಯದು S, ಆಮ್ಲದ ನಾರ್ಮಾಲಿಟಿ N, ಎಣ್ಣೆಯ ತೂಕ W ಇರಲಿ. 56.1 ಎನ್ನುವುದು KOH ಮೋಲಾರ್ ರಾಶಿ.

```
SV = (B − S) × N × 56.1 ÷ W
   = (24.8 − 10.8) × 0.498 × 56.1 ÷ 2.050
   = 190.8
```

ಅಂದರೆ ಒಂದು ಗ್ರಾಂ ಶೇಂಗಾ ಎಣ್ಣೆಗೆ 190.8 ಮಿಲಿಗ್ರಾಂ KOH ಬೇಕು. ಶೇಂಗಾ ಎಣ್ಣೆಗೆ ನಮ್ಮಲ್ಲಿ ಒಪ್ಪಿದ ಮಿತಿ 188ರಿಂದ 196. ಈಗ ಆಟೋ ಲೆಕ್ಕ. ಒಂದು ಅಣುವಿಗೆ ಮೂರು KOH, ಅಂದರೆ ಒಂದು ಮೋಲ್ ಎಣ್ಣೆಗೆ 3 × 56.1 = 168.3 ಗ್ರಾಂ, ಮಿಲಿಗ್ರಾಂ ಲೆಕ್ಕದಲ್ಲಿ 1,68,300.

```
M = 168300 ÷ SV = 168300 ÷ 190.8 = 882
```

ಶೇಂಗಾ ಎಣ್ಣೆಯ ಸರಾಸರಿ ಮೋಲಾರ್ ರಾಶಿ ಸುಮಾರು 882. ಇನ್ನೊಂದು ಹೆಜ್ಜೆ ಹೋದರೆ ಒಳಗಿನ ಕೊಬ್ಬಿನಾಮ್ಲದ ತೂಕವೂ ಸಿಗುತ್ತದೆ. ಮೂರು ಆಮ್ಲಗಳು ಗ್ಲಿಸರಾಲ್ ಜೊತೆ ಸೇರುವಾಗ ಮೂರು ನೀರಿನ ಅಣು ಹೊರಗೆ ಹೋಗುತ್ತವೆ. ಗ್ಲಿಸರಾಲ್ 92, ನೀರು 54, ವ್ಯತ್ಯಾಸ 38. ಹಾಗಾಗಿ 882ರಲ್ಲಿ 38 ಕಳೆದು ಮೂರರಿಂದ ಭಾಗಿಸಿದರೆ 281. ಒಲೀಕ್ ಆಮ್ಲದ ಮೋಲಾರ್ ರಾಶಿ 282. ಶೇಂಗಾ ಎಣ್ಣೆಯಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ಇರುವುದೂ ಒಲೀಕ್ ಆಮ್ಲವೇ. ಬ್ಯೂರೆಟ್ಟಿನಿಂದ ಇಲ್ಲಿಯತನಕ ಬಂದೆವಲ್ಲ, ಪ್ರತಿ ಸಲವೂ ನನಗೆ ಇದು ಖುಷಿ ಕೊಡುತ್ತದೆ.

ಕೊಬ್ಬರಿ ಎಣ್ಣೆಗೆ ಇದೇ ಪ್ರಯೋಗ ಮಾಡಿದರೆ ಮೌಲ್ಯ 250 ದಾಟುತ್ತದೆ. 256 ಎಂದಿಟ್ಟುಕೊಂಡರೆ ಮೋಲಾರ್ ರಾಶಿ 657 ಮಾತ್ರ. ಅದರಲ್ಲಿ ಇರುವುದು ಹೆಚ್ಚಾಗಿ ಗಿಡ್ಡ ಸರಪಳಿಯ ಲಾರಿಕ್ ಆಮ್ಲ, ಅದಕ್ಕೆ.

ಬ್ಲ್ಯಾಂಕ್ ಬಿಟ್ಟರೆ ಏನಾಗುತ್ತದೆ

ಪ್ರಾಕ್ಟಿಕಲ್ ತರಗತಿಯಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. 25 ಮಿಲಿ, 0.5 ನಾರ್ಮಲ್, ಒಳಗಿರುವ KOH ಲೆಕ್ಕ ಗೊತ್ತೇ ಇದೆಯಲ್ಲ, ಎರಡನೇ ಫ್ಲಾಸ್ಕ್ ಸುಮ್ನೆ ಯಾಕೆ ಎಂದು ಕೇಳುತ್ತಾರೆ. ನನ್ನ ರೀಡಿಂಗನ್ನೇ ಹಾಗೆ ಲೆಕ್ಕ ಹಾಕಿ ನೋಡಿ. ಮೌಲ್ಯ 194.9 ಬರುತ್ತದೆ, ಮೋಲಾರ್ ರಾಶಿ 864. ಹದಿನೆಂಟು ತಪ್ಪಿತು. ಅದಕ್ಕಿಂತ ಕೆಟ್ಟದ್ದು ಏನೆಂದರೆ, 194.9 ಕೂಡ 188–196ರ ಒಳಗೇ ಇದೆ. ಉತ್ತರ ಸರಿಯಾಗೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

KOH ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಕುದಿಸುವಾಗ ಗಾಜನ್ನೂ ಅಷ್ಟಿಷ್ಟು ತಿನ್ನುತ್ತದೆ. ಎಷ್ಟು ಕಳೆಯಿತು ಅಂತ ಹೇಳಲಾಗದು. ಆದರೆ ಎರಡೂ ಫ್ಲಾಸ್ಕುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಕಳೆದಿರುತ್ತದೆ, ಕಳೆಯುವ ಲೆಕ್ಕದಲ್ಲಿ ಅದು ಬಿದ್ದುಹೋಗುತ್ತದೆ. KOH ನಾರ್ಮಾಲಿಟಿ ನಿಖರವಾಗಿ ಬೇಡ ಎಂದದ್ದು ಇದಕ್ಕೇ. ಬ್ಲ್ಯಾಂಕನ್ನು ಕುದಿಸದೆ ಪಕ್ಕದಲ್ಲಿಟ್ಟು ಟೈಟ್ರೇಟ್ ಮಾಡಿದರೆ ಈ ಲಾಭ ಹೋಯಿತು.

ಬ್ಯೂರೆಟ್ ಓದುವಾಗ 0.1 ಮಿಲಿ ತಪ್ಪಿದರೂ ಮೌಲ್ಯ 1.4 ಸರಿಯುತ್ತದೆ, ಮೋಲಾರ್ ರಾಶಿ 6 ಸರಿಯುತ್ತದೆ. ಆದ್ದರಿಂದ 882.08 ಅಂತ ಬರೆಯಬೇಡಿ. ಮೂರು ಸಲ ಮಾಡಿ ಸರಾಸರಿ ತೆಗೆದು, ಸುಮಾರು 880 ಎನ್ನುವುದೇ ಪ್ರಾಮಾಣಿಕ ಉತ್ತರ.

ಈ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೂರು ಗಾಲಿಯ ಲೆಕ್ಕ ನಿಲ್ಲುವುದು ಎಣ್ಣೆ ಪೂರ್ತಿ ಟ್ರೈಗ್ಲಿಸರೈಡ್ ಆಗಿದ್ದರೆ ಮಾತ್ರ. ಹಳೆಯ, ಕಮಟು ಹಿಡಿದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಇರುತ್ತದೆ. ಅದೂ KOH ತಿನ್ನುತ್ತದೆ, ಆದರೆ ಅದಕ್ಕೆ ಒಂದೇ ಗಾಲಿ. ಅಂಥ ಎಣ್ಣೆಗೆ ಆಮ್ಲ ಮೌಲ್ಯವನ್ನು ಬೇರೆ ಅಳೆದು, ಸಾಬೂನೀಕರಣ ಮೌಲ್ಯದಲ್ಲಿ ಕಳೆಯಬೇಕು. ಉಳಿದದ್ದು ಎಸ್ಟರಿಗೆ ಖರ್ಚಾದ KOH.

ಖನಿಜ ಎಣ್ಣೆ ಬೆರೆತಿದ್ದರೆ ಚೆನ್ನಾಗಿ ಗೊತ್ತಾಗುತ್ತದೆ. ಅದು ಸಾಬೂನಾಗುವುದೇ ಇಲ್ಲ. ನೂರಕ್ಕೆ ಹತ್ತು ಭಾಗ ಬೆರೆಸಿದರೂ ಮೌಲ್ಯ 172ಕ್ಕೆ ಇಳಿದು, ಮೋಲಾರ್ ರಾಶಿ 980ರ ಹತ್ತಿರ ಹೋಗುತ್ತದೆ. ಶೇಂಗಾ ಎಣ್ಣೆಗೆ ಅದು ಸಾಧ್ಯವಿಲ್ಲದ ಮಾತು.

ಪಾಮೋಲಿನ್ ಬೆರೆಸಿದ್ದರೆ? ಅದರ ಮೌಲ್ಯ 195ರಿಂದ 205. ಐದರಲ್ಲಿ ಒಂದು ಪಾಲು ಬೆರೆಸಿದರೂ ನಮ್ಮ 191 ಎನ್ನುವುದು 193 ಆಗಬಹುದು ಅಷ್ಟೇ. ಅದು ಬ್ಯೂರೆಟ್ಟಿನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ನಮ್ಮ ಭಾಗದ ಕುಸುಬಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಇವೂ 190ರ ಆಚೀಚೆಯೇ. ಸರಪಳಿಯ ಉದ್ದ ಒಂದೇ ಇರುವುದರಿಂದ KOH ಇವುಗಳಲ್ಲಿ ಭೇದ ಮಾಡುವುದಿಲ್ಲ. ಇವು ಬೇರೆಯಾಗುವುದು ಜೋಡಿಬಂಧಗಳಲ್ಲಿ, ಅದನ್ನು ಎಣಿಸಲು ಅಯೋಡಿನ್ ಮೌಲ್ಯ ಬೇಕು. ಶೇಂಗಾ ಎಣ್ಣೆಗೆ ಸುಮಾರು 85ರಿಂದ 99, ಕುಸುಬಿಗೆ 135ರ ಮೇಲೆ. ಹಾಗಾಗಿ ಸೋಸಿದ ಎಣ್ಣೆಯನ್ನು ಇವತ್ತೇ ಮುಗಿಸಬೇಡಿ. ಕಂದು ಬಣ್ಣದ ಬಾಟಲಿಯಲ್ಲಿ ಬಿರಡೆ ಬಿಗಿದು ತಂಪಿನಲ್ಲಿಡಿ, ಆ ಪ್ರಯೋಗಕ್ಕೂ ಇದೇ ಎಣ್ಣೆ ಬೇಕು.